ಕೈಮರ ಇಳಿದದ್ದು ಎಲ್ಲರಿಗೂ ಕಾಣುತ್ತಿತ್ತು

ಮಳೆ ಹಿಡಿದ ಒಂದು ಸಂಜೆ ಮಾಮಾನ ಫೋನು ಬಂತು. ಶಹಾಬಾದಿನ ಫರ್ಸಿ ಕಲ್ಲು ಹೇರಿಕೊಂಡು ಟೆಂಪೋದಲ್ಲಿ ಹೊರಟವರು ಚಿತ್ತಾಪುರದಲ್ಲಿ ಚಹಾಕ್ಕೆ ನಿಂತಿದ್ದರು.

"ದಂಡೋತಿ ಬ್ರಿಡ್ಜ್ ಚಾಲೂ ಅದನೋ ಇಲ್ಲೋ?"

"ಮಾಮಾ, ಮಧ್ಯಾಹ್ನನೇ ಕಾರ್ಡ್ ಹಾಕೀನಲ್ಲ. ದಂಡೋತಿ ಮುಂದ ಕೆಂಪು ಚುಕ್ಕಿ ಅದ ನೋಡ್ರಿ."

"ಚುಕ್ಕಿ ಕಾಣಸ್ತದಪಾ. ಎಲ್ಲಾ ಚುಕ್ಕಿನೂ ಒಂದೇ ನಮೂನಿ ಅವ. ನೀ ಬಾಯಿಲೆ ಹೇಳು."

ಬಾಯಿಂದ ಹೇಳಿದೆ. ಮಾಮಾ ರಾತ್ರಿ ಚಿತ್ತಾಪುರದಲ್ಲೇ ಉಳಿದರು. ನನಗೆ ಮಾತ್ರ ನಿದ್ದೆ ಬರಲಿಲ್ಲ. ಕಾಗಿಣಾ ನದಿ ಏರಿದಾಗಲೆಲ್ಲ ದಂಡೋತಿ ಸೇತುವೆಯ ಮೇಲೆ ನೀರು ಹರಿಯುವುದು ನಮ್ಮ ಕಡೆ ಹೊಸ ಸುದ್ದಿಯಲ್ಲ. ಮೇಲೆ ಜೋರು ಮಳೆಯಾದರೆ, ಬೆಣ್ಣೆತೊರಾ ಜಲಾಶಯದಿಂದ ನೀರು ಬಿಟ್ಟರೆ, ಈ ದಾರಿ ಮೊದಲು ಕಟ್ಟಾಗುವ ದಾರಿಗಳಲ್ಲೊಂದು. ಅದಕ್ಕೆಂದೇ ನಾನು ಇನ್‌ಸ್ಟಾಗ್ರಾಂನಲ್ಲಿ ಬೆರಳಿನಿಂದ ಸರಿಸಿ ನೋಡುವ ಕಾರ್ಡ್‌ಗಳ ಮಾಲೆ, ಅಂದರೆ ಕರೋಸೆಲ್, ಮಾಡಿ ಹಾಕುತ್ತಿದ್ದೆ. ಯಾರಿಗಾಗಿ ಮಾಡಿದ್ದೆನೋ ಅವರಿಗೇ ಅದು ಓದಲು ಬರಲಿಲ್ಲ.

ಅಂದು ಹಾಕಿದ್ದು ಐದು ಕಾರ್ಡು. ಮೊದಲನೆಯದರಲ್ಲಿ ಶೀರ್ಷಿಕೆ, ಅದರ ಕೆಳಗೆ ಬಣ್ಣಗಳ ಸೂಚಿ: ಕೆಂಪು ಅಂದರೆ ಬಂದ್, ಕಿತ್ತಳೆ ಅಂದರೆ ಎಚ್ಚರ, ಹಸಿರು ಅಂದರೆ ಚಾಲೂ. ಎರಡನೆಯದರಲ್ಲಿ ಸೇತುವೆಗಳ ಪಟ್ಟಿ, ಒಂದೊಂದರ ಮುಂದೆ ಒಂದೊಂದು ಚುಕ್ಕಿ. ಮೂರನೆಯದು ಜಿಲ್ಲೆಗಳ ಮಳೆ ಮುನ್ನೆಚ್ಚರಿಕೆಯ ನಕ್ಷೆ. ನಾಲ್ಕನೆಯದು ನೀರಿನ ಮಟ್ಟದ ಗೆರೆಚಿತ್ರ. ಕೊನೆಯದರಲ್ಲಿ ಯಾರಿಗೆ ಫೋನು ಮಾಡಬೇಕು ಎಂಬ ವಿವರ. ನೋಡಲು ಅಚ್ಚುಕಟ್ಟಾಗಿತ್ತು ಎಂದು ಈಗಲೂ ಹೇಳುತ್ತೇನೆ, ಆದರೆ ಯಾರು ನೋಡಲು ಎಂದು ಕೇಳಬೇಡಿ.

ಮಾಮಾನಿಗೆ ಬಣ್ಣವೇ ಕಾಣುವುದಿಲ್ಲ ಎಂದುಕೊಂಡರೆ ತಪ್ಪು. ಆಕಾಶದ ನೀಲಿ ಅವರಿಗೆ ನೀಲಿಯೇ, ತೊಗರಿ ಹೂವಿನ ಹಳದಿ ಹಳದಿಯೇ. ತೊಡಕು ಇರುವುದು ಕೆಂಪಿನಿಂದ ಹಸಿರಿನವರೆಗಿನ ಹಾದಿಯಲ್ಲಿ. ನಮ್ಮ ಕಣ್ಣಿನ ಅಕ್ಷಿಪಟಲದಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಮೂರು ಬಗೆಯವು. ಒಂದು ಬಗೆ ಸುಮಾರು 420 ನ್ಯಾನೋಮೀಟರ್ ಅಲೆಯುದ್ದದ ಬೆಳಕಿಗೆ ಹೆಚ್ಚು ಸ್ಪಂದಿಸುತ್ತದೆ, ಇನ್ನೊಂದು 530ರ ಸುತ್ತ, ಮತ್ತೊಂದು 560ರ ಸುತ್ತ. ಕೊನೆಯ ಎರಡರ ನಡುವಿನ ಅಂತರ ಬರೀ ಮೂವತ್ತು. ಈ ಮೂವತ್ತರ ಸಂದಿಯಲ್ಲೇ ಮೆದುಳು ಕೆಂಪು ಯಾವುದು, ಹಸಿರು ಯಾವುದು ಎಂದು ಲೆಕ್ಕ ಹಾಕುತ್ತದೆ. ಎರಡರಲ್ಲಿ ಒಂದು ಬಗೆ ಇಲ್ಲದಿದ್ದರೆ, ಅಥವಾ ಒಂದು ಇನ್ನೊಂದರ ಕಡೆಗೆ ಸರಿದು ಸಂದಿ ಕಿರಿದಾಗಿದ್ದರೆ, ಆ ಲೆಕ್ಕ ತಪ್ಪುತ್ತದೆ. ಆಗ ಕೆಂಪು, ಕಿತ್ತಳೆ, ಕಂದು, ಎಲೆ ಹಸಿರು ಎಲ್ಲವೂ ಹಳದಿ-ಕಂದಿನ ಒಂದೇ ಬಳಗಕ್ಕೆ ಬಂದು ಸೇರುತ್ತವೆ.

ಈ ಎರಡು ಬಗೆಯ ಕೋಶಗಳ ವಂಶವಾಹಿಗಳು ಎಕ್ಸ್ ವರ್ಣತಂತುವಿನ ಮೇಲೆ ಅಕ್ಕಪಕ್ಕದಲ್ಲಿವೆ. ಗಂಡಸಿಗೆ ಎಕ್ಸ್ ಒಂದೇ, ಅದೂ ತಾಯಿಯಿಂದ ಬಂದದ್ದು. ಅದರಲ್ಲಿ ದೋಷವಿದ್ದರೆ ಮುಚ್ಚಲು ಇನ್ನೊಂದಿಲ್ಲ. ಹೀಗಾಗಿ ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು ಎಂಟು ಮಂದಿಗೆ ಕೆಂಪು-ಹಸಿರು ಗೊಂದಲವಿದ್ದರೆ, ಅಲ್ಲಿನ ಹೆಂಗಸರಲ್ಲಿ ಇನ್ನೂರಕ್ಕೆ ಒಬ್ಬರಿಗಷ್ಟೇ ಇದೆ. ನಮ್ಮ ದೇಶದ ಗಂಡಸರಲ್ಲಿ ಕಂಡುಬಂದಿರುವ ಪ್ರಮಾಣ ಸಾಮಾನ್ಯವಾಗಿ ಆ ಎಂಟಕ್ಕಿಂತ ಕಡಿಮೆ. ಆದರೆ ನಮ್ಮ ಕಡೆ ಹೆಣ್ಣನ್ನು ಸೋದರಮಾವನಿಗೆ ಕೊಡುವ ರೂಢಿ ಇದೆಯಲ್ಲ, ಅಲ್ಲಿ ಲೆಕ್ಕ ಸ್ವಲ್ಪ ಬೇರೆಯಾಗುತ್ತದೆ. ಮಾವನಿಗೆ ಬಣ್ಣಗುರುಡು ಇದ್ದರೆ ಅವನ ಅಕ್ಕನೂ ಅದೇ ವಂಶವಾಹಿಯನ್ನು ತನಗೆ ತೋರದಂತೆ ಹೊತ್ತಿರಬಹುದು, ಅವಳ ಮಗಳೂ ಹೊತ್ತಿರಬಹುದು. ಹಾಗೆ ಹೊತ್ತವಳನ್ನು ಅವನೇ ಮದುವೆಯಾದರೆ ಹುಟ್ಟುವ ಹೆಣ್ಣುಮಕ್ಕಳಿಗೂ ಇದು ಕಾಣಿಸಿಕೊಳ್ಳಬಹುದು. ಅಂದರೆ ಇದು ಗಂಡಸರ ಸಮಸ್ಯೆ ಎಂದು ಕೈತೊಳೆದುಕೊಳ್ಳುವಂತಿಲ್ಲ.

ಮಾಮಾನಿಗೆ ಇದೆಲ್ಲ ಗೊತ್ತಿಲ್ಲ, ಗೊತ್ತಾಗಬೇಕಾದ ಜರೂರೂ ಬಿದ್ದಿಲ್ಲ. ತೊಗರಿ ಒಣಗಿತೋ ಇಲ್ಲವೋ ಎಂದು ಅವರು ಕಾಯಿಯ ಬಣ್ಣ ನೋಡುವುದಿಲ್ಲ, ಗಿಡ ಅಲ್ಲಾಡಿಸಿ ಗಲಗಲ ಸದ್ದು ಕೇಳುತ್ತಾರೆ. ಕಲಬುರಗಿಯ ಸಿಗ್ನಲ್ಲಿನಲ್ಲಿ ಮೇಲಿನ ದೀಪ ಹತ್ತಿದರೆ ನಿಲ್ಲುತ್ತಾರೆ, ಕೆಳಗಿನದು ಹತ್ತಿದರೆ ಹೊರಡುತ್ತಾರೆ. ಬಣ್ಣದ ಜೊತೆಗೆ ಇನ್ನೊಂದು ಗುರುತು ಇದ್ದಲ್ಲೆಲ್ಲ ಅವರ ಬದುಕು ಸರಾಗ. ನನ್ನ ಎರಡನೆಯ ಕಾರ್ಡಿನಲ್ಲಿ ಆ ಇನ್ನೊಂದು ಗುರುತು ಇರಲಿಲ್ಲ.

ಬಣ್ಣ ಗೊತ್ತಾಗದಿದ್ದರೂ ಒಂದು ಗಾಢ, ಒಂದು ತಿಳಿ ಎಂಬುದಾದರೂ ಕಾಣಬೇಕಿತ್ತಲ್ಲ? ಅದನ್ನೇ ಲೆಕ್ಕ ಹಾಕಿ ನೋಡಿದೆ. ನಾನು ಬಳಸಿದ ಕೆಂಪು `#D32F2F`, ಹಸಿರು `#388E3C`. ಪರದೆಯ ಮೇಲಿನ ಪ್ರತಿ ಬಣ್ಣಕ್ಕೂ ಕಣ್ಣಿಗೆ ತೋರುವ ಬೆಳಕಿನ ಒಂದು ಪ್ರಮಾಣವಿದೆ. ಕಪ್ಪಿಗೆ 0, ಬಿಳಿಗೆ 1. ನನ್ನ ಕೆಂಪಿಗೆ ಅದು ಸುಮಾರು 0.16, ಹಸಿರಿಗೆ 0.21. ಎರಡು ಬಣ್ಣಗಳ ನಡುವಿನ ವೈದೃಶ್ಯವನ್ನು, ಅಂದರೆ ಒಂದು ಇನ್ನೊಂದರಿಂದ ಎಷ್ಟು ಎದ್ದು ಕಾಣುತ್ತದೆ ಎಂಬುದನ್ನು, ಹೀಗೆ ಅಳೆಯುತ್ತಾರೆ:

```
(L1 + 0.05) / (L2 + 0.05)
```

L1 ಅಂದರೆ ತಿಳಿ ಬಣ್ಣದ ಬೆಳಕು, L2 ಗಾಢ ಬಣ್ಣದ್ದು. ಕಪ್ಪು-ಬಿಳುಪಿಗೆ ಉತ್ತರ 21 ಬರುತ್ತದೆ. ನನ್ನ ಕೆಂಪು-ಹಸಿರಿಗೆ ಬಂದದ್ದು 1.2. ಒಂದು ಬಂದರೆ ವ್ಯತ್ಯಾಸವೇ ಇಲ್ಲ ಎಂದರ್ಥ, ನಾನು ಅದರ ಹೊಸ್ತಿಲಲ್ಲೇ ನಿಂತಿದ್ದೆ. ವೆಬ್ ಪುಟಗಳು ಎಲ್ಲರಿಗೂ ಬಳಸಲು ಬರುವಂತಿರಬೇಕೆಂದು ರೂಪಿಸಿರುವ ಡಬ್ಲ್ಯುಸಿಎಜಿ ಮಾರ್ಗಸೂಚಿ, ಚಿತ್ರದಲ್ಲಿ ಅರ್ಥ ಕೊಡುವ ಭಾಗಗಳು ಪಕ್ಕದ ಬಣ್ಣದಿಂದ ಕನಿಷ್ಠ 3ರಷ್ಟು, ಸಾಮಾನ್ಯ ಗಾತ್ರದ ಅಕ್ಷರ ಹಿನ್ನೆಲೆಯಿಂದ 4.5ರಷ್ಟು ಎದ್ದು ಕಾಣಬೇಕು ಎನ್ನುತ್ತದೆ. ನನ್ನ ಕಿತ್ತಳೆ ಹಸಿರಿನ ಪಕ್ಕ ಒಂದೂವರೆಯಷ್ಟಿತ್ತು. ಮಾಮಾನ ಕಣ್ಣಿಗೆ ಮೂರೂ ಚುಕ್ಕಿ ಒಂದೇ ಮಣ್ಣಿನ ಮೂರು ಉಂಡೆಗಳಂತೆ ತೋರಿದ್ದರಲ್ಲಿ ಆಶ್ಚರ್ಯವಿಲ್ಲ.

ಚುಕ್ಕಿ ಚಿಕ್ಕದಾದಷ್ಟೂ ಕಷ್ಟ ಹೆಚ್ಚು. ತೀರಾ ಸಣ್ಣ ಜಾಗದಲ್ಲಿ ಬಣ್ಣ ಗುರುತಿಸುವುದು ಸರಿಯಾದ ಕಣ್ಣಿಗೂ ಸುಲಭವಲ್ಲ. ನಾನು ಕಾರ್ಡನ್ನು ಲ್ಯಾಪ್‌ಟಾಪಿನ ದೊಡ್ಡ ಪರದೆಯ ಮೇಲೆ ರಚಿಸಿದ್ದೆ. ಮಾಮಾ ನೋಡಿದ್ದು ಅಂಗೈಯಗಲದ ಮೊಬೈಲಿನಲ್ಲಿ, ಮೋಡದ ಬೆಳಕಿನಲ್ಲಿ, ಗಾಜಿನ ಮೇಲೆ ಮಳೆಹನಿ ಕೂತಿರುವಾಗ.

ವಾಡಿ ಜಂಕ್ಷನ್ನಿನ ಹತ್ತಿರ ಬೆಳೆದವರಿಗೆ ಕೈಮರದ ನೆನಪಿರಬಹುದು. ಕಂಬದ ತುದಿಯಲ್ಲಿ ಒಂದು ಉದ್ದನೆಯ ಪಟ್ಟಿ. ಅದು ನೆಲಕ್ಕೆ ಸಮನಾಗಿ ಅಡ್ಡ ನಿಂತಿದ್ದರೆ ರೈಲು ನಿಲ್ಲಬೇಕು, ಕೆಳಕ್ಕೆ ಬಾಗಿದರೆ ಹೊರಡಬಹುದು. ಪಟ್ಟಿಗೆ ಕೆಂಪು ಬಳಿದಿರುತ್ತಿತ್ತು ನಿಜ, ಆದರೆ ಅದು ನಿಂತಾಗಲೂ ಕೆಂಪೇ, ಬಾಗಿದಾಗಲೂ ಕೆಂಪೇ. ಹಗಲಲ್ಲಿ ಅರ್ಥವಿದ್ದದ್ದು ಬಣ್ಣದಲ್ಲಲ್ಲ, ಓರೆಯಲ್ಲಿ. ಕತ್ತಲಾದ ಮೇಲೆ ಮಾತ್ರ ಪಟ್ಟಿ ಕಾಣದೆ ಕೆಂಪು ದೀಪ, ಹಸಿರು ದೀಪ ಎಂಬ ಬಣ್ಣವಷ್ಟೇ ಉಳಿಯುತ್ತಿತ್ತು. ಒಂದೇ ಕಂಬ ಹಗಲು ಎಲ್ಲರಿಗೂ ತಿಳಿಯುತ್ತಿತ್ತು, ರಾತ್ರಿ ಕೆಲವರಿಗೆ ತಿಳಿಯುತ್ತಿರಲಿಲ್ಲ.

ಈ ರಾತ್ರಿಯ ಭಯ ಜಗತ್ತಿಗೆ ತಟ್ಟಿದ್ದು 1875ರ ನವೆಂಬರಿನಲ್ಲಿ, ಸ್ವೀಡನ್ನಿನ ಲಾಗರ್‌ಲುಂಡಾದಲ್ಲಿ ಎರಡು ರೈಲುಗಳು ಎದುರುಬದುರು ಡಿಕ್ಕಿ ಹೊಡೆದಾಗ. ಫ್ರಿಟಿಯೋಫ್ ಹೋಲ್ಮ್‌ಗ್ರೆನ್ ಎಂಬ ಶರೀರಶಾಸ್ತ್ರಜ್ಞ ಸಿಬ್ಬಂದಿಯ ಬಣ್ಣಗುರುಡನ್ನು ಶಂಕಿಸಿದ. ಬಣ್ಣಬಣ್ಣದ ಉಣ್ಣೆಯ ಎಳೆಗಳನ್ನು ಹೊಂದಿಸುವ ಪರೀಕ್ಷೆ ರೂಪಿಸಿ ರೈಲ್ವೆ ನೌಕರರಿಗೆ ಮಾಡಿಸಿದ. ಆ ಅಪಘಾತಕ್ಕೆ ನಿಜಕ್ಕೂ ಅದೇ ಕಾರಣವೇ ಎಂಬ ವಾದ ಇನ್ನೂ ಮುಗಿದಿಲ್ಲ. ಆದರೆ ಪರೀಕ್ಷೆ ಮಾತ್ರ ಉಳಿಯಿತು, ಬೆಳೆಯಿತು. ರೈಲು ಓಡಿಸುವವರ ಕಣ್ಣು ಇವತ್ತಿಗೂ ಬಣ್ಣದ ಪರೀಕ್ಷೆ ದಾಟಲೇಬೇಕು. ರೈಲ್ವೆ ತನಗೆ ಬೇಕಾದ ಕಣ್ಣುಗಳನ್ನು ಆರಿಸಿಕೊಳ್ಳಬಲ್ಲದು. ಕಾರ್ಡು ಮಾಡುವ ನಾನು ಓದುಗರ ಕಣ್ಣನ್ನು ಆರಿಸಿಕೊಳ್ಳಲಾರೆ. ನನಗಿರುವ ದಾರಿ ಹಗಲಿನ ಕೈಮರದ ದಾರಿಯೊಂದೇ.

ಎರಡನೆಯ ಕಾರ್ಡನ್ನು ಮತ್ತೆ ಬರೆಯಲು ಕೂತೆ. ಮೊದಲು ಚುಕ್ಕಿಗಳನ್ನು ಕಿತ್ತು ಆ ಜಾಗದಲ್ಲಿ ಮಾತು ಇಟ್ಟೆ. 'ತೆರೆದಿದೆ', 'ತೆರೆದಿಲ್ಲ' ಎಂದು ಬರೆದೆ. ಬರೆದು ಒಂದು ಮಾರು ದೂರದಿಂದ ನೋಡಿದರೆ ಎರಡೂ ಒಂದೇ! ನಮ್ಮ ಭಾಷೆಯಲ್ಲಿ 'ಇಲ್ಲ' ಎಂಬುದು ಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ. ಕಣ್ಣು ಓಡುವಾಗ ಪದದ ತಲೆ ನೋಡಿ ಮುಂದೆ ಹೋಗುತ್ತದೆ, ಬಾಲದವರೆಗೆ ಕಾಯುವುದಿಲ್ಲ. ಬಣ್ಣದ ಗೊಂದಲ ತೆಗೆಯಲು ಹೋಗಿ ಅಕ್ಷರದ ಗೊಂದಲ ತಂದಿದ್ದೆ. ಕೊನೆಗೆ ಜನ ಬಾಯಲ್ಲಿ ಆಡುವ ಮಾತೇ ಸರಿಹೋಯಿತು: 'ಬಂದ್', 'ಎಚ್ಚರ', 'ಚಾಲೂ'. ಮೂರರ ಮೊದಲ ಅಕ್ಷರ ಬೇರೆ, ಆಕಾರ ಬೇರೆ.

ಆಮೇಲೆ ಮಾತಿನ ಸುತ್ತಲಿನ ಆಕಾರ. ಬಂದ್ ಎಂಬುದಕ್ಕೆ ಇಡೀ ಅಗಲಕ್ಕೆ ಚಾಚಿದ ತುಂಬು ಪಟ್ಟಿ, ದಾರಿಗೆ ಅಡ್ಡಗಟ್ಟಿದಂತೆ. ಎಚ್ಚರಕ್ಕೆ ತ್ರಿಕೋನ. ಚಾಲೂ ಎಂಬುದಕ್ಕೆ ಬರೀ ಕಪ್ಪು ಅಂಚಿನ ಖಾಲಿ ಚೌಕ. ಸರಿ ಗುರುತು, ತಪ್ಪು ಗುರುತು ಹಾಕೋಣವೆನ್ನಿಸಿತ್ತು. ಆದರೆ ತೆಳು ಗೆರೆಗಳು ಸಣ್ಣ ಪರದೆಯಲ್ಲಿ ಕರಗುತ್ತವೆ. ತುಂಬಿದ್ದು, ಖಾಲಿ ಇದ್ದದ್ದು ಎಂಬ ಭೇದ ಕರಗುವುದಿಲ್ಲ.

ಬಣ್ಣ ಬಿಡಬೇಕೇ? ಇಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಒಪ್ಪಿಗೆಯಾಗದು. ಬಣ್ಣಗುರುಡರಿಗೆಂದರೆ ನೀಲಿ-ಕಿತ್ತಳೆ ಬಳಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ನೀಲಿ-ಹಳದಿ ದಾರಿಯ ಬಣ್ಣಗಳು ಮಾಮಾನಂಥವರಿಗೆ ಬೇರೆಬೇರೆಯಾಗಿ ಕಾಣುತ್ತವೆ, ಸಲಹೆ ತಪ್ಪಲ್ಲ. ಆದರೆ ಸೇತುವೆ ಬಂದ್ ಆದದ್ದನ್ನು ನೀಲಿಯಲ್ಲಿ ತೋರಿಸಿದರೆ ಉಳಿದವರು 'ನೀರು ಅದ, ಹೋಗಬಹುದೇನೋ' ಎಂದುಕೊಳ್ಳಬಹುದು. ಕೆಂಪಿಗೆ ಅಪಾಯದ ಅರ್ಥ ಅಷ್ಟು ಗಟ್ಟಿ ಅಂಟಿದೆ. ಹಾಗಾಗಿ ಕೆಂಪನ್ನು ಉಳಿಸಿಕೊಂಡು ಹಸಿರನ್ನು ತೆಗೆದುಹಾಕಿದೆ. ಚಾಲೂ ಇರುವ ದಾರಿಗೆ ಬಣ್ಣವೇ ಬೇಡ, ಬಿಳಿ ಸಾಕು. ಕೆಂಪನ್ನು ಗಾಢ ಮಾಡಿ `#B71C1C` ಎಂದಿಟ್ಟೆ, ಕಿತ್ತಳೆಯ ಬದಲು ತಿಳಿ ಹಳದಿ `#F0E442`. ಈಗ ಕೆಂಪು-ಹಳದಿಯ ವೈದೃಶ್ಯ ಸುಮಾರು 5, ಕೆಂಪಿನ ಮೇಲಿನ ಬಿಳಿ ಅಕ್ಷರಕ್ಕೆ ಆರೂವರೆ. ಹಳದಿಯ ಮೇಲೆ ಅಕ್ಷರ ಕಪ್ಪು. ಬಿಳಿ ಅಕ್ಷರ ಹಾಕಿದ್ದರೆ ಅದು 1.3ಕ್ಕೆ ಇಳಿಯುತ್ತಿತ್ತು.

ಕೆಂಪಿನ ಬಗ್ಗೆ ಒಂದು ಮಾತು ಸೇರಿಸಬೇಕು. 560ರ ಸುತ್ತಲಿನ ಕೋಶಗಳೇ ಇಲ್ಲದವರಿಗೆ ಕೆಂಪು ಬೇರೆ ಬಣ್ಣವಾಗಿ ಕಾಣದಿರುವುದಷ್ಟೇ ಅಲ್ಲ, ಮಂಕಾಗಿಯೂ ಕಾಣುತ್ತದೆ. ಕಪ್ಪು ಹಿನ್ನೆಲೆಯ ಮೇಲೆ ಕೆಂಪಕ್ಷರದಲ್ಲಿ 'ಅಪಾಯ' ಎಂದು ಬರೆದರೆ ಅವರಿಗೆ ಅದು ಕಪ್ಪಿನಲ್ಲೇ ಮುಳುಗುತ್ತದೆ. ಸಿನಿಮಾ ಪೋಸ್ಟರಿನಂತೆ ಗಮನ ಸೆಳೆಯಲಿ ಎಂದು ಕಪ್ಪಿನ ಮೇಲೆ ಕೆಂಪು ಬಳಸುವವರು ಬಹಳ. ಬಿಳಿಯ ಮೇಲಿನ ಗಾಢ ಕೆಂಪಾದರೆ ಮಂಕಾದಷ್ಟೂ ಇನ್ನೂ ಎದ್ದು ಕಾಣುತ್ತದೆ, ಆ ಕೊರತೆ ನಮಗೇ ಅನುಕೂಲ.

ಪಟ್ಟಿಯ ಕ್ರಮವನ್ನೂ ಬದಲಿಸಿದೆ. ಮೊದಲು ಹೇಗೆಂದರೆ ಹಾಗೆ ಬರೆದಿದ್ದೆ. ಈಗ ಕಾಗಿಣಾ ಹರಿಯುವ ಕ್ರಮದಲ್ಲಿ ಮಳಖೇಡ, ದಂಡೋತಿ, ಶಹಾಬಾದ ಎಂದು ಮೇಲಿನಿಂದ ಕೆಳಕ್ಕೆ ಇಟ್ಟೆ. ದಿನವೂ ಅದೇ ಜಾಗದಲ್ಲಿ ಅದೇ ಹೆಸರು. ಸಿಗ್ನಲ್ಲಿನ ಮೇಲಿನ ದೀಪದಂತೆ ಜಾಗವೇ ಒಂದು ಗುರುತಾಗುತ್ತದೆ. ಜೊತೆಗೆ ಮೇಲಿನ ಸಾಲಿನಲ್ಲಿ ಪಟ್ಟಿ ತುಂಬಿದ್ದರೆ ನೀರು ಕೆಳಗಿನ ಊರಿಗೂ ಬರುತ್ತಿದೆ ಎಂದು ಹೇಳದೆಯೇ ತಿಳಿಯುತ್ತದೆ.

ಕರೋಸೆಲ್ ಆದದ್ದರಿಂದಲೇ ಹುಟ್ಟುವ ಕೇಡು ಬೇರೊಂದಿದೆ. ನನ್ನ ಬಣ್ಣದ ಸೂಚಿ ಇದ್ದದ್ದು ಮೊದಲ ಕಾರ್ಡಿನಲ್ಲಿ, ಚುಕ್ಕಿಗಳಿದ್ದದ್ದು ಎರಡನೆಯದರಲ್ಲಿ. ಓದುವವರು ಬಣ್ಣವನ್ನು ತಲೆಯಲ್ಲಿ ಹೊತ್ತು ಸರಿಸಬೇಕು. ಎರಡು ಬಣ್ಣ ಪಕ್ಕಪಕ್ಕ ಇದ್ದರೆ ಹೋಲಿಸಿಯಾದರೂ ನೋಡಬಹುದು, ಹಿಂದಿನ ಕಾರ್ಡಿನ ಬಣ್ಣವನ್ನು ನೆನಪಿಟ್ಟು ಹೋಲಿಸುವುದು ಬಣ್ಣ ಸರಿ ಕಾಣುವವರಿಗೂ ತೊಡಕು. ಮೇಲಾಗಿ ಊರಿನಲ್ಲಿ ಐದೂ ಕಾರ್ಡು ಒಟ್ಟಿಗೆ ತಿರುಗುವುದಿಲ್ಲ. ಬೇಕಾದ ಒಂದನ್ನು ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಸೂಚಿ ಹಿಂದೆ ಉಳಿಯುತ್ತದೆ, ಚುಕ್ಕಿ ಮಾತ್ರ ಮುಂದೆ ಹೋಗುತ್ತದೆ. ಈಗ ಮಾತು ಆಯಾ ಸಾಲಿನಲ್ಲೇ ಇರುವುದರಿಂದ ಸೂಚಿಯನ್ನೇ ತೆಗೆದುಬಿಟ್ಟೆ. ಕಾರ್ಡಿನ ಕೆಳಗೆ ಬರೆಯುವ ವಿವರದಲ್ಲಿ ಕೆಂಪು ಉಂಡೆ, ಹಸಿರು ಉಂಡೆ ಇಮೋಜಿ ಹಾಕುವ ಚಟವನ್ನೂ ಬಿಟ್ಟೆ. ಅವು ಬಣ್ಣ ಬಿಟ್ಟರೆ ಎಲ್ಲದರಲ್ಲೂ ಒಂದೇ.

ಮೂರನೆಯ ಕಾರ್ಡಿನ ನಕ್ಷೆ ಹೆಚ್ಚು ತಲೆ ತಿಂದಿತು, ಯಾಕೆಂದರೆ ಆ ಬಣ್ಣಗಳು ನನ್ನವಲ್ಲ. ಭಾರತ ಹವಾಮಾನ ಇಲಾಖೆ ಜಿಲ್ಲಾವಾರು ನಾಲ್ಕು ಬಣ್ಣ ಕೊಡುತ್ತದೆ. ಹಸಿರು ಅಂದರೆ ಎಚ್ಚರಿಕೆ ಇಲ್ಲ, ಹಳದಿ ಅಂದರೆ ಗಮನವಿಡಿ, ಕಿತ್ತಳೆ ಅಂದರೆ ಸಿದ್ಧರಾಗಿ, ಕೆಂಪು ಅಂದರೆ ಕ್ರಮ ಕೈಗೊಳ್ಳಿ. 'ಆರೆಂಜ್ ಅಲರ್ಟ್' ಎಂಬುದು ಈಗ ಸೇಡಂ ಸಂತೆಯಲ್ಲೂ ಕೇಳುವ ಮಾತು, ಬದಲಿಸುವಂತಿಲ್ಲ. ಆದರೆ ಇಲ್ಲಿ ಬಣ್ಣದ ಹೆಸರೇ ಎಚ್ಚರಿಕೆಯ ಹೆಸರಾಗಿದೆ. ರೇಡಿಯೋದಲ್ಲಿ ಆರೆಂಜ್ ಅಲರ್ಟ್ ಎಂದು ಕೇಳಿದವರು ನಕ್ಷೆಯಲ್ಲಿ ಆರೆಂಜ್ ಯಾವುದೆಂದು ಹುಡುಕಬೇಕು. ಅದಕ್ಕೆ ಬಣ್ಣ ಹಾಗೇ ಇಟ್ಟು, ಜಿಲ್ಲೆಗಳ ನಡುವೆ ದಪ್ಪ ಬಿಳಿ ಗಡಿ ಎಳೆದು, ಕಲಬುರಗಿ, ಬೀದರ, ಯಾದಗಿರಿ ಒಂದೊಂದರ ಒಳಗೂ 'ಆರೆಂಜ್: ಸಿದ್ಧರಾಗಿ' ಎಂಬಂತೆ ಬಣ್ಣದ ಹೆಸರು ಮತ್ತು ಅರ್ಥ ಎರಡನ್ನೂ ಬರೆದೆ. ರಾಜ್ಯದ ಇಡೀ ನಕ್ಷೆಯಲ್ಲಿ ಇದಕ್ಕೆ ಜಾಗ ಸಾಲದು, ಹಾಗಾಗಿ ನಮ್ಮ ಸುತ್ತಿನಷ್ಟನ್ನೇ ಕತ್ತರಿಸಿಕೊಂಡೆ. ಗೆರೆಗಳ ವಿನ್ಯಾಸ ತುಂಬಿ ಭೇದ ತೋರಿಸಲೂ ಪ್ರಯತ್ನಿಸಿದ್ದೆ. ಅಪ್‌ಲೋಡ್ ಆಗುವಾಗ ಚಿತ್ರ ಕುಗ್ಗಿ ಆ ಸಣ್ಣ ಗೆರೆಗಳೆಲ್ಲ ಕಲೆಸಿ ಬೂದು ಮಸಿಯಾದವು.

ನಾಲ್ಕನೆಯ ಗೆರೆಚಿತ್ರಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಪಾಯದ ಮಟ್ಟ ಕೆಂಪು ಗೆರೆ, ನೀರಿನ ಮಟ್ಟ ಹಸಿರು ಗೆರೆ ಇತ್ತು. ಈಗ ಅಪಾಯದ ಮಟ್ಟ ತುಂಡುತುಂಡು ಗೆರೆ, ನೀರಿನದು ದಪ್ಪ ಕಪ್ಪು ಗೆರೆ, ಎರಡರ ತುದಿಗೂ ಹೆಸರು.

ಇದು ಚಿಕ್ಕ ಊರಿನ ಚಿಕ್ಕ ಕಾರ್ಡಿನ ಪಾಡು ಮಾತ್ರವಲ್ಲ. ಆಹಾರದ ಪೊಟ್ಟಣದ ಮೇಲೆ ಸಸ್ಯಾಹಾರಕ್ಕೆ ಹಸಿರು ಚುಕ್ಕಿ, ಮಾಂಸಾಹಾರಕ್ಕೆ ಕಂದು ಚುಕ್ಕಿ ಇದ್ದದ್ದು ನೆನಪಿರಬೇಕು. ಹಸಿರು-ಕಂದು ಅಂದರೆ ಮಾಮಾನಂಥವರು ಸರಿಯಾಗಿ ಎಡವುವ ಜೋಡಿ. ಆಹಾರ ಸುರಕ್ಷತಾ ಪ್ರಾಧಿಕಾರ 2020ರ ನಿಯಮಗಳಲ್ಲಿ ಮಾಂಸಾಹಾರದ ಚುಕ್ಕಿಯನ್ನು ತ್ರಿಕೋನ ಮಾಡಿತು. ಬಣ್ಣ ಮುಟ್ಟಲಿಲ್ಲ, ಆಕಾರವಷ್ಟೇ ಬದಲಾಯಿತು. ಒಂದು ಬಿಸ್ಕತ್ತಿನ ಪೊಟ್ಟಣ ತೆಗೆದು ನೋಡಿದಾಗಲೆಲ್ಲ ನನಗೆ ಕೈಮರವೇ ನೆನಪಾಗುತ್ತದೆ.

ಹೊಸ ಕಾರ್ಡು ಹಾಕುವ ಮೊದಲು ಪರೀಕ್ಷಿಸಿದೆ. ಮೊಬೈಲಿನ ಪರದೆಯನ್ನು ಕಪ್ಪು-ಬಿಳುಪಿಗೆ ಬದಲಿಸಿ ತೋಳಿನ ದೂರದಲ್ಲಿ ಹಿಡಿದು ಓದಿದೆ. ಈ ಪರೀಕ್ಷೆ ಮಾಮಾನ ಕಣ್ಣಿನ ನಕಲಲ್ಲ, ಅವರಿಗೆ ನೀಲಿ-ಹಳದಿ ಕಾಣುತ್ತದಲ್ಲ. ಆದರೆ ಕಪ್ಪು-ಬಿಳುಪಿನಲ್ಲೂ ಓದಲು ಬಂದದ್ದು ಹೆಚ್ಚಿನ ಬಗೆಯ ಬಣ್ಣಗುರುಡಿಗೂ ಓದಲು ಬರುತ್ತದೆ, ಸವೆದ ಜೆರಾಕ್ಸಿನಲ್ಲೂ ಬರುತ್ತದೆ. ಮಾಮಾನ ನೋಟಕ್ಕೆ ಹತ್ತಿರದ್ದು ಬೇಕಿದ್ದರೆ ಲ್ಯಾಪ್‌ಟಾಪಿನ ಕ್ರೋಮ್ ಬ್ರೌಸರಿನಲ್ಲಿ ಚಿತ್ರ ತೆರೆದು, DevTools ಒಳಗಿನ Rendering ವಿಭಾಗದಲ್ಲಿ Emulate vision deficiencies ಎಂಬಲ್ಲಿ Deuteranopia ಆರಿಸಬಹುದು. ಅದೂ ಒಂದು ಬಗೆ ಕೋಶ ಪೂರ್ತಿ ಇಲ್ಲದವರ ಅಂದಾಜು. ಹೆಚ್ಚಿನವರಿಗೆ ಕೋಶವಿರುತ್ತದೆ, ಸ್ವಲ್ಪ ಸರಿದಿರುತ್ತದೆ, ಅವರ ನೋಟ ನಡುವೆ ಎಲ್ಲೋ ನಿಲ್ಲುತ್ತದೆ.

ಎರಡೂ ಪರೀಕ್ಷೆ ದಾಟಿದ ಕಾರ್ಡನ್ನು ಮಾಮಾನ ಕೈಗಿಟ್ಟೆ. ಚಷ್ಮಾ ಏರಿಸಿಕೊಂಡು ಒಂದೊಂದೇ ಸರಿಸಿದರು.

"ದಂಡೋತಿ ಬಂದ್. ಮಳಖೇಡ ಎಚ್ಚರ. ಶಹಾಬಾದ ಚಾಲೂ. ಬೇಷಾಗೇದ," ಎಂದರು. ಆಮೇಲೆ ಮೊಬೈಲು ನನ್ನತ್ತ ತಿರುಗಿಸಿ, "ಖರೆ, ಇದು ಇವತ್ತಿಂದೋ ನಿನ್ನೀದೋ?"

"ಸುತ್ತಾ ಅಂಚು ನೋಡ್ರಿ ಮಾಮಾ. ಇವತ್ತಿಂದಾದ್ರ ಹಸಿರು ಅಂಚು, ಹಳೇದಾದ್ರ ಕಿತ್ತಳೆ..."

ಮಾತು ಅರ್ಧಕ್ಕೇ ನಿಂತಿತು. ಅವರೇನೂ ಅನ್ನಲಿಲ್ಲ, ಚಹಾದ ಬಟ್ಟಲು ಕೆಳಗಿಟ್ಟರು. ನಾನು ಲ್ಯಾಪ್‌ಟಾಪು ತೆರೆದು ಐದೂ ಕಾರ್ಡಿನ ತಲೆಯ ಮೇಲೆ ತಾರೀಖು, ಹೊತ್ತು ಬರೆಯಲು ಕೂತೆ.